ಮೂರು ದೇಶಗಳ ನಡುವೆ ಎರಡು ಗಂಟೆಯ ಕಿಂಡಿ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕುಳಿತು ಫ್ರಾಂಕ್‌ಫರ್ಟ್ ಮತ್ತು ನ್ಯೂಯಾರ್ಕ್‌ನವರ ಜೊತೆ ಕೆಲಸ ಮಾಡುವ ನಮ್ಮಂಥವರಿಗೆ ಒಬ್ಬರ ಕ್ಯಾಲೆಂಡರ್ ಇನ್ನೊಬ್ಬರಿಗೆ ತೆರೆದುಕೊಳ್ಳುವುದಿಲ್ಲ. ಕಂಪನಿಗಳೇ ಬೇರೆ ಬೇರೆ. ಹಾಗಾಗಿ ಎಲ್ಲರೂ ತಮ್ಮ ವಾರದ ಸ್ಕ್ರೀನ್‌ಶಾಟ್ ಕಳುಹಿಸುತ್ತಾರೆ. ಮೂವರಿಗೂ ಬಿಡುವಿರುವ ಅರ್ಧ ಗಂಟೆ ಹುಡುಕುವುದು ಸಂಯೋಜಕರ ಪಾಲಿಗೆ ಬರುತ್ತದೆ. ಹೊಸಬರು ಮೂರೂ ಚಿತ್ರಗಳ ಪ್ರತಿಯೊಂದು ಚೌಕವನ್ನೂ ಎಕ್ಸೆಲ್‌ಗೆ ಇಳಿಸಲು ಕೂರುತ್ತಾರೆ. ಅದು ದಂಡದ ದುಡಿಮೆ.

ಮೊದಲು ಕೆಲಸದ ಹೊತ್ತನ್ನಷ್ಟೇ ಹೊಂದಿಸಬೇಕು. ಉದಾಹರಣೆಗೆ 2026ರ ಮಾರ್ಚ್ 18, ಬುಧವಾರ. ಆ ದಿನ ಫ್ರಾಂಕ್‌ಫರ್ಟ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ನ್ಯೂಯಾರ್ಕ್ ಒಂಬತ್ತೂವರೆ ಗಂಟೆ ಹಿಂದೆ. ನ್ಯೂಯಾರ್ಕ್‌ನವರು ಬೆಳಿಗ್ಗೆ 9ಕ್ಕೆ ಕೂರುವಾಗ ನಮಗೆ ಸಂಜೆ 6.30. ಫ್ರಾಂಕ್‌ಫರ್ಟ್‌ನವರು ಸಂಜೆ 5ಕ್ಕೆ ಏಳುವಾಗ ನಮಗೆ ರಾತ್ರಿ 9.30. ನಮ್ಮಲ್ಲಿ ಧಾರವಾಡದಿಂದ ಬರುವವರು ಚಿಗರಿ ಬಸ್ ಹಿಡಿದು ಮನೆ ಸೇರಬೇಕು, 8.30ರ ಆಚೆಗೆ ಅವರನ್ನು ಕೂರಿಸುವುದು ನ್ಯಾಯವಲ್ಲ. ಅಲ್ಲಿಗೆ ಉಳಿದದ್ದು 6.30ರಿಂದ 8.30ರವರೆಗಿನ ಎರಡು ಗಂಟೆ. ಫ್ರಾಂಕ್‌ಫರ್ಟ್‌ನ ಚಿತ್ರದಲ್ಲಿ ಮಧ್ಯಾಹ್ನ 2ರಿಂದ 4, ನ್ಯೂಯಾರ್ಕ್‌ನದರಲ್ಲಿ ಬೆಳಿಗ್ಗೆ 9ರಿಂದ 11 – ಈ ಪಟ್ಟಿಯನ್ನು ಬಿಟ್ಟು ಉಳಿದುದನ್ನು ಓದುವ ಅಗತ್ಯವೇ ಇಲ್ಲ.

ಆದರೆ ಆ ಚಿತ್ರ ನಿಜವಾಗಿ ಯಾವ ಊರಿನ ಗಡಿಯಾರವನ್ನು ತೋರಿಸುತ್ತಿದೆ? ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ. ಗೂಗಲ್ ಕ್ಯಾಲೆಂಡರ್‌ನ ವಾರದ ನೋಟದಲ್ಲಿ ಎಡಮೂಲೆಗೆ `GMT+01` ಅಥವಾ `GMT-04` ಎಂಬ ಗುರುತು ಇರುತ್ತದೆ. ಜನ ಚಿತ್ರವನ್ನು ಕತ್ತರಿಸುವಾಗ ಮೊದಲು ಹೋಗುವುದೂ ಅದೇ. ನ್ಯೂಯಾರ್ಕ್‌ನವರು ಪ್ರವಾಸದಲ್ಲಿದ್ದು, ಲ್ಯಾಪ್‌ಟಾಪ್ ಬೇರೆ ಊರಿನ ಸಮಯಕ್ಕೆ ಹೊರಳಿರಲೂಬಹುದು. ಗುರುತು ಕಾಣದಿದ್ದರೆ ನಿಮಗೂ ಅವರಿಗೂ ಈಗಾಗಲೇ ಇರುವ ಒಂದು ಸಾಮಾನ್ಯ ಮೀಟಿಂಗ್ ಹುಡುಕಿ. ನಿಮ್ಮಲ್ಲಿ ಅದು ಸಂಜೆ 7ಕ್ಕಿದ್ದು ಅವರ ಚಿತ್ರದಲ್ಲಿ 9.30ಕ್ಕಿದ್ದರೆ ಅಂತರ ಒಂಬತ್ತೂವರೆ ಗಂಟೆ, ಲೆಕ್ಕ ಸರಿ. ಅಂಥ ಮೀಟಿಂಗ್ ಇಲ್ಲದಿದ್ದರೆ, ಈ ವಾರದ್ದೇ ಚಿತ್ರವಾಗಿದ್ದಲ್ಲಿ, ಇವತ್ತಿನ ಕಾಲಂನಲ್ಲಿ ಓಡುವ ಕೆಂಪು ಗೆರೆಯನ್ನು ನೋಡಿ. ಅದು ಚಿತ್ರ ತೆಗೆದ ಹೊತ್ತು. ಸಂದೇಶ ಬಂದ ಹೊತ್ತಿನೊಂದಿಗೆ ಹೋಲಿಸಿದರೆ ಅಂತರ ತಿಳಿಯುತ್ತದೆ, ತೆಗೆದ ಕೂಡಲೇ ಕಳುಹಿಸಿದ್ದರೆ ಮಾತ್ರ.

ಇನ್ನು ಬಿಡುವು ಹುಡುಕುವುದು. ಖಾಲಿ ಜಾಗಗಳನ್ನು ಒಂದಕ್ಕೊಂದು ತಾಳೆ ನೋಡಬೇಡಿ, ಕಣ್ಣು ಕಟ್ಟುತ್ತದೆ. ತುಂಬಿದ ಹೊತ್ತನ್ನೆಲ್ಲ ನಮ್ಮ ಸಮಯಕ್ಕೆ ತಂದು ಒಂದೇ ಗೆರೆಯ ಮೇಲೆ ಹಾಕಿ. ಆ ಬುಧವಾರ ನಮಗೆ 6ರಿಂದ 7ರವರೆಗೆ ಮೀಟಿಂಗ್ ಇದೆ ಎನ್ನೋಣ. ಫ್ರಾಂಕ್‌ಫರ್ಟ್‌ನವರ 2ರಿಂದ 2.45 ನಮ್ಮ 6.30ರಿಂದ 7.15 ಆಗುತ್ತದೆ. ನ್ಯೂಯಾರ್ಕ್‌ನವರ 9.30ರಿಂದ 10 ನಮ್ಮ 7ರಿಂದ 7.30, ಅವರದೇ 10.45ರ ಕರೆ ನಮ್ಮ 8.15ಕ್ಕೆ ಶುರು. ಎಲ್ಲ ಸೇರಿ 7.30ರವರೆಗೆ ಭರ್ತಿ, 8.15ರಿಂದ ಮತ್ತೆ ಭರ್ತಿ. ನಡುವೆ ಮುಕ್ಕಾಲು ಗಂಟೆ ಉಳಿಯಿತು. ಮೀಟಿಂಗ್ 7.30ಕ್ಕೆ: ಫ್ರಾಂಕ್‌ಫರ್ಟ್‌ನಲ್ಲಿ 3, ನ್ಯೂಯಾರ್ಕ್‌ನಲ್ಲಿ 10.

ಚೌಕದ ಎತ್ತರವನ್ನು ನಂಬಬೇಡಿ, ಅದರೊಳಗೆ ಬರೆದ ಸಮಯವನ್ನು ಓದಿ. ಚಿಕ್ಕ ಮೀಟಿಂಗ್‌ಗಳನ್ನೂ ಅರ್ಧ ಗಂಟೆಯ ಅಳತೆಯಲ್ಲಿ ತೋರಿಸುವ ಆಯ್ಕೆ ಗೂಗಲ್ ಕ್ಯಾಲೆಂಡರ್‌ನಲ್ಲಿದೆ. ಹೆಸರಿನ ಮೇಲೆ ಅಡ್ಡಗೆರೆ ಇದ್ದರೆ ಅವರು ಆ ಮೀಟಿಂಗ್ ಒಲ್ಲೆ ಎಂದಿದ್ದಾರೆ. ಆ ಹೊತ್ತು ಬಿಡುವೇ. ದಿನವಿಡೀ ರಜೆ ಎಂಬ ಪಟ್ಟಿ ಎಲ್ಲಕ್ಕಿಂತ ಮೇಲಿರುವುದರಿಂದ ಅದೂ ಕತ್ತರಿಗೆ ಸಿಕ್ಕಿರಬಹುದು. ನಮ್ಮ ಕಡೆಯದನ್ನೂ ಅವರಿಗೆ ಹೇಳಬೇಕು: ಮರುದಿನ, 19ರ ಗುರುವಾರ ಯುಗಾದಿ. ಅದು ಅವರ ಕ್ಯಾಲೆಂಡರ್‌ನಲ್ಲಿ ಇರುವ ಸಂಭವ ಕಡಿಮೆ.

ನಾನು ಬೇಕೆಂದೇ ಮಾರ್ಚ್ 18ನ್ನು ಆರಿಸಿದೆ. ಅಮೆರಿಕದ ಗಡಿಯಾರ ಮಾರ್ಚ್ 8ಕ್ಕೇ ಒಂದು ಗಂಟೆ ಮುಂದೆ ಹೋಗಿರುತ್ತದೆ, ಯುರೋಪಿನದು 29ಕ್ಕೆ ಹೋಗುತ್ತದೆ, ನಮ್ಮದು ಅಲುಗುವುದಿಲ್ಲ. ಈ ಮೂರು ವಾರ ಹಳೆಯ ಅಂತರದ ಲೆಕ್ಕ ಕೈಕೊಡುತ್ತದೆ. ಇದೇ ಮೀಟಿಂಗ್ ಪ್ರತಿ ಬುಧವಾರ ಇರಬೇಕಾದರೆ ಆಹ್ವಾನ ಯಾರ ಊರಿನ ಸಮಯಕ್ಕೆ ಕಟ್ಟಿದೆ ಎಂಬುದು ಮುಖ್ಯ. ನಮ್ಮ 7.30ಕ್ಕೆ ಕಟ್ಟಿದ್ದರೆ ಏಪ್ರಿಲ್ 1ರಂದು ಫ್ರಾಂಕ್‌ಫರ್ಟ್‌ನವರಿಗೆ 4 ಗಂಟೆ, ನ್ಯೂಯಾರ್ಕ್‌ನವರಿಗೆ ಬದಲಾವಣೆ ಇಲ್ಲ. ಫ್ರಾಂಕ್‌ಫರ್ಟ್‌ನ 3ಕ್ಕೆ ಕಟ್ಟಿದ್ದರೆ ನಮಗೆ 6.30, ನ್ಯೂಯಾರ್ಕ್‌ಗೆ 9 ಆಗಿ, ನಮ್ಮ 6ರಿಂದ 7ರ ಮೀಟಿಂಗ್ ಮೇಲೆ ಬಂದು ಕೂರುತ್ತದೆ. ಆದ್ದರಿಂದ ಸಾಲು ಮೀಟಿಂಗ್ ಇಡುವಾಗ ಏಪ್ರಿಲ್ ಮೊದಲ ವಾರದ ಸ್ಕ್ರೀನ್‌ಶಾಟನ್ನೂ ಈಗಲೇ ಕೇಳಿ ಪಡೆಯಿರಿ.