ಶೂನ್ಯ ವಿವಾಹ ಮತ್ತು ಶೂನ್ಯಗೊಳಿಸಬಹುದಾದ ವಿವಾಹ

ಕೌಟುಂಬಿಕ ನ್ಯಾಯಾಲಯದ ಆವರಣದಲ್ಲಿ ವಕೀಲರ ಬಾಯಲ್ಲಿ ‘ವಾಯ್ಡ್’, ‘ವಾಯ್ಡಬಲ್’ ಎಂಬ ಎರಡು ಮಾತುಗಳು ಬೆನ್ನುಬೆನ್ನಿಗೆ ಕೇಳಿಬರುತ್ತವೆ. ಕನ್ನಡದಲ್ಲಿ ಮೊದಲನೆಯದು ಶೂನ್ಯ ವಿವಾಹ, ಎರಡನೆಯದು ಶೂನ್ಯಗೊಳಿಸಬಹುದಾದ ವಿವಾಹ. ಶೂನ್ಯ ವಿವಾಹವು ಧಾರೆಯೆರೆದ ಗಳಿಗೆಯಿಂದಲೇ ಕಾನೂನಿನ ಕಣ್ಣಿಗೆ ಮದುವೆಯಲ್ಲ. ನ್ಯಾಯಾಲಯ ಹಾಗೆಂದು ಘೋಷಿಸಿದರೆ ಮೊದಲೇ ಇದ್ದ ಸ್ಥಿತಿಯನ್ನು ದಾಖಲಿಸಿದಂತಾಗುತ್ತದೆ, ಅಷ್ಟೆ. ಶೂನ್ಯಗೊಳಿಸಬಹುದಾದ ವಿವಾಹವಾದರೋ ಅದನ್ನು ರದ್ದುಪಡಿಸುವ ನ್ಯಾಯಾಲಯದ ಡಿಕ್ರಿ ಬರುವವರೆಗೆ ಸಂಪೂರ್ಣ ಸಿಂಧುವಾದ ಮದುವೆ. ವಿಚ್ಛೇದನ ಇವೆರಡಕ್ಕೂ ಬೇರೆಯಾದುದು, ಏಕೆಂದರೆ ಅಲ್ಲಿ ದೋಷವಿಲ್ಲದೆ ನಡೆದ ಮದುವೆ ಆಮೇಲೆ ಮುರಿಯುತ್ತದೆ. ಇಲ್ಲಿ ಹೇಳುವುದು ಹಿಂದೂ, ಬೌದ್ಧ, ಜೈನ ಮತ್ತು ಸಿಖ್ಖರಿಗೆ ಅನ್ವಯಿಸುವ 1955ರ ಹಿಂದೂ ವಿವಾಹ ಅಧಿನಿಯಮದ ಮಾತು. ಉಳಿದವರಿಗೆ ಅವರವರ ಕಾನೂನುಗಳಿವೆ.

ಆ ಅಧಿನಿಯಮದ 11ನೇ ಕಲಮಿನಂತೆ ಮೂರು ಕಾರಣಗಳಿಂದ ಮದುವೆ ಶೂನ್ಯವಾಗುತ್ತದೆ: ಮದುವೆಯ ಹೊತ್ತಿಗೆ ಇಬ್ಬರಲ್ಲಿ ಒಬ್ಬರ ಹಿಂದಿನ ಗಂಡ ಅಥವಾ ಹೆಂಡತಿ ಬದುಕಿದ್ದು ಆ ಸಂಬಂಧ ಕಾನೂನಿನಂತೆ ಮುಗಿಯದಿರುವುದು, ವಧೂವರರು ನಿಷಿದ್ಧ ಸಂಬಂಧದವರಾಗಿರುವುದು, ಅಥವಾ ಅವರು ಸಪಿಂಡರು, ಅಂದರೆ ಕೆಲವೇ ತಲೆಮಾರು ಹಿಂದಿನ ಒಬ್ಬರೇ ಪೂರ್ವಜರ ವಂಶದವರು, ಆಗಿರುವುದು. ಸೋದರಮಾವ ಮತ್ತು ಅಕ್ಕನ ಮಗಳು ನಿಷಿದ್ಧ ಸಂಬಂಧದ ಪಟ್ಟಿಯಲ್ಲಿಯೇ ಇದ್ದಾರೆಂದು ಕೇಳಿದರೆ ನಮ್ಮ ಕಡೆ ಹಲವರು ಬೆಚ್ಚಬಹುದು. ಆದರೆ ಎರಡೂ ಕಡೆಯವರ ರೂಢಿ ಅಂಥ ಸಂಬಂಧವನ್ನು ಒಪ್ಪುವುದಾದರೆ ಕಾನೂನು ಅಡ್ಡ ಬರುವುದಿಲ್ಲ. ನಮ್ಮಲ್ಲಿ ಹೆಚ್ಚಿನ ತಕರಾರುಗಳು ಹುಟ್ಟುವುದು ಮೊದಲ ಕಾರಣದಿಂದಲೇ. ಊರ ಹಿರಿಯರ ಮುಂದೆ ಬಾಂಡ್ ಪೇಪರಿನ ಮೇಲೆ ‘ಇನ್ನು ನಮಗೂ ಇವಳಿಗೂ ಸಂಬಂಧವಿಲ್ಲ’ ಎಂದು ಬರೆಸಿ, ಇಬ್ಬರ ಸಹಿಯನ್ನೂ ಹಾಕಿಸಿ, ಗಂಡ ಇನ್ನೊಂದು ಮದುವೆಯಾಗುತ್ತಾನೆ. ಸಮುದಾಯದ ರೂಢಿಗತ ವಿಚ್ಛೇದನವನ್ನು ಸಾಕ್ಷ್ಯಸಮೇತ ಸಾಬೀತುಪಡಿಸಲು ಆಗದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಮೊದಲ ಮದುವೆ ಉಳಿದೇ ಇರುತ್ತದೆ, ಎರಡನೆಯದು ಶೂನ್ಯವಾಗುತ್ತದೆ, ದ್ವಿಪತ್ನಿತ್ವದ ಅಪರಾಧವೂ ಬೆನ್ನಿಗೆ ಬರುತ್ತದೆ.

12ನೇ ಕಲಮಿನಲ್ಲಿ ಬರುವ ಶೂನ್ಯಗೊಳಿಸಬಹುದಾದ ಮದುವೆಗಳ ದೋಷ ಬೇರೆ ಬಗೆಯದು. ನಪುಂಸಕತ್ವದಿಂದ ದಾಂಪತ್ಯ ಕೂಡಿಬರದಿರುವುದು, ಸಮ್ಮತಿ ಕೊಡಲಾರದ ಮಾನಸಿಕ ಸ್ಥಿತಿ, ಬಲಾತ್ಕಾರದಿಂದ ಅಥವಾ ವಂಚನೆಯಿಂದ ಪಡೆದ ಒಪ್ಪಿಗೆ, ಮದುವೆಯ ಹೊತ್ತಿಗೇ ವಧು ಬೇರೊಬ್ಬನಿಂದ ಗರ್ಭಿಣಿಯಾಗಿದ್ದುದು ಇದರೊಳಗೆ ಬರುತ್ತವೆ. ಇವು ಸಮಾಜ ನಿಷೇಧಿಸಿದ ಮದುವೆಗಳಲ್ಲ, ಒಬ್ಬರಿಗೆ ಅನ್ಯಾಯವಾದ ಮದುವೆಗಳು. ಆದ್ದರಿಂದ ಅನ್ಯಾಯಕ್ಕೆ ಒಳಗಾದವರು ಬೇಕೆಂದರೆ ಅದನ್ನು ರದ್ದುಪಡಿಸಿಕೊಳ್ಳಬಹುದು, ಬೇಡವೆಂದರೆ ಸುಮ್ಮನಿರಬಹುದು. ಆದರೆ ಕೆಲವು ಕಾರಣಗಳಿಗೆ ಗಡುವು ಬಿಗಿಯಾಗಿದೆ. ವರನಿಗೆ ಹಿಂದೆ ಮದುವೆಯಾಗಿ ವಿಚ್ಛೇದನವಾಗಿದ್ದುದನ್ನು ಮುಚ್ಚಿಟ್ಟಿದ್ದರೆಂದು ಇಟ್ಟುಕೊಳ್ಳೋಣ. ಬೀರುವಿನಲ್ಲಿ ಹಳೆಯ ಡಿಕ್ರಿಯ ಪ್ರತಿ ಹೆಂಡತಿಯ ಕೈಗೆ ಸಿಕ್ಕ ದಿನದಿಂದ ಒಂದು ವರ್ಷದೊಳಗೆ ಆಕೆ ಅರ್ಜಿ ಹಾಕಬೇಕು. ತವರಿನವರು ‘ಹೊಂದಿಕೊಂಡು ಹೋಗಮ್ಮ’ ಎಂದು ಹೇಳಿದ್ದಕ್ಕೆ ಒಪ್ಪಿ ಆಕೆ ಪೂರ್ಣ ಮನಸ್ಸಿನಿಂದ ಮತ್ತೆ ಸಂಸಾರ ನಡೆಸಿದರೆ, ವರ್ಷ ತುಂಬುವ ಮೊದಲೇ ಆ ಹಕ್ಕು ಹೋಗುತ್ತದೆ. ಹಿತವಾದ ಬುದ್ಧಿಮಾತೊಂದು ಮೊಕದ್ದಮೆಯನ್ನೇ ಮುಳುಗಿಸಿದ ಇಂಥ ಪ್ರಕರಣಗಳು ಅಪರೂಪವಲ್ಲ.

ಯಾರು, ಯಾವಾಗ ಪ್ರಶ್ನಿಸಬಹುದು ಎಂಬುದರಲ್ಲಿ ಈ ಎರಡರ ಅಂತರ ಎದ್ದು ಕಾಣುತ್ತದೆ. ಶೂನ್ಯಗೊಳಿಸಬಹುದಾದ ಮದುವೆಯನ್ನು ದಂಪತಿಗಳಲ್ಲದೆ ಮತ್ತಾರೂ ಪ್ರಶ್ನಿಸುವಂತಿಲ್ಲ. ಡಿಕ್ರಿಯಾಗುವ ಮೊದಲೇ ಗಂಡ ತೀರಿಕೊಂಡರೆ ಹೆಂಡತಿ ವಿಧವೆಯಾಗಿ ವಾರಸುದಾರಳಾಗುತ್ತಾಳೆ. ಮೈದುನಂದಿರು ಆಮೇಲೆ ವಂಚನೆಯ ಕತೆ ತೆಗೆದರೆ ನಡೆಯುವುದಿಲ್ಲ. ಶೂನ್ಯ ವಿವಾಹಕ್ಕೆ ಇಂಥ ರಕ್ಷಣೆಯಿಲ್ಲ. 11ನೇ ಕಲಮಿನ ಅರ್ಜಿಯನ್ನು ಆ ಇಬ್ಬರಲ್ಲೊಬ್ಬರೇ ಹಾಕಬೇಕಾದರೂ, ಮೊದಲ ಹೆಂಡತಿ ಸಿವಿಲ್ ದಾವೆಯ ಮೂಲಕ ಘೋಷಣೆ ಕೇಳಬಹುದು, ಮತ್ತು ಗಂಡ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೂ ಆಸ್ತಿಯ ದಾವೆಯಲ್ಲಿ ದಾಯಾದಿಗಳು ಆ ಪ್ರಶ್ನೆಯನ್ನೆತ್ತಬಹುದು. ಎರಡನೆಯವಳು ಮೂವತ್ತು ವರ್ಷ ಸಂಸಾರ ಮಾಡಿದ್ದರೂ ವಿಧವೆಯೆಂಬ ನೆಲೆಯಲ್ಲಿ ಗಂಡನ ಆಸ್ತಿಯಲ್ಲಿ ಪಾಲು ಪಡೆಯಲಾರಳು. ಜೀವನಾಂಶದ ವಿಷಯದಲ್ಲಿ ಮಾತ್ರ ಬಾಗಿಲು ಪೂರ್ತಿ ಮುಚ್ಚಿಲ್ಲ: ಮದುವೆ ಶೂನ್ಯವೆಂದು ಡಿಕ್ರಿಯಾದರೂ 25ನೇ ಕಲಮಿನಡಿ ಶಾಶ್ವತ ಜೀವನಾಂಶ ಕೊಡಿಸಬಹುದೆಂದು ಸುಪ್ರೀಂ ಕೋರ್ಟು 2025ರ ಫೆಬ್ರವರಿಯಲ್ಲಿ ಹೇಳಿದೆ. ಕೊಡಿಸುವುದೂ ಬಿಡುವುದೂ ಪ್ರಕರಣದ ಸಂಗತಿಗಳನ್ನೂ ಪಕ್ಷಗಾರರ ನಡತೆಯನ್ನೂ ನೋಡಿ ನ್ಯಾಯಾಧೀಶರು ತೀರ್ಮಾನಿಸುವ ವಿಷಯ.

ಬಾಲ್ಯವಿವಾಹದಲ್ಲಿ ಕರ್ನಾಟಕದ ದಾರಿ ಬೇರೆಯಾಗಿದೆ. 2006ರ ಕೇಂದ್ರ ಕಾನೂನಿನಂತೆ ಅದು ಶೂನ್ಯಗೊಳಿಸಬಹುದಾದ ಮದುವೆ. ಬಾಲ್ಯದಲ್ಲಿ ಮದುವೆಯಾದವರು ಪ್ರಾಪ್ತ ವಯಸ್ಕರಾದ ಎರಡು ವರ್ಷದೊಳಗೆ ರದ್ದತಿ ಕೇಳಬೇಕು. ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದ 2017ರಿಂದೀಚೆಗೆ ಈ ರಾಜ್ಯದಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಶೂನ್ಯ.

ಮಕ್ಕಳ ವಿಷಯಕ್ಕೆ ಬಂದರೆ, 16ನೇ ಕಲಮು ಎರಡೂ ಬಗೆಯ ಮದುವೆಯ ಮಕ್ಕಳನ್ನು ಔರಸರೆಂದೇ ಎಣಿಸುತ್ತದೆ. 1976ಕ್ಕೆ ಮೊದಲು ಶೂನ್ಯ ವಿವಾಹದ ಮಗುವಿಗೆ ಈ ಸ್ಥಾನ ಸಿಗಬೇಕಾದರೆ ತಂದೆತಾಯಿ ಕೋರ್ಟಿಗೆ ಹೋಗಿ ಡಿಕ್ರಿ ಪಡೆದಿರಬೇಕಿತ್ತು. ಆ ವಿಚಿತ್ರವನ್ನು ತಿದ್ದುಪಡಿ ತೆಗೆದುಹಾಕಿತು. ಆದರೂ ಅದೇ ಕಲಮು ಒಂದು ಗೆರೆಯನ್ನು ಎಳೆದಿದೆ: ಶೂನ್ಯವಾದ ಅಥವಾ ಡಿಕ್ರಿಯಿಂದ ರದ್ದಾದ ಮದುವೆಯ ಮಕ್ಕಳಿಗೆ ಹಕ್ಕಿರುವುದು ತಂದೆತಾಯಿಯ ಆಸ್ತಿಯಲ್ಲಿ ಮಾತ್ರ, ಬೇರೆಯವರ ಆಸ್ತಿಯಲ್ಲಿ ಇಲ್ಲ. ಶೂನ್ಯಗೊಳಿಸಬಹುದಾದ ಮದುವೆ ರದ್ದಾಗದೆ ಉಳಿದಿದ್ದರೆ ಅದರ ಮಕ್ಕಳಿಗೆ ಈ ಮಿತಿಯೂ ಇಲ್ಲ. ಪಿತ್ರಾರ್ಜಿತದಲ್ಲಿ ತಂದೆಯ ಪಾಲನ್ನು ತಂದೆಯ ಆಸ್ತಿಯೆನ್ನಬಹುದೇ ಎಂಬ ಪ್ರಶ್ನೆ ಬಹುಕಾಲ ಜಗ್ಗಾಡಿತು. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದಕ್ಕೆ ಉತ್ತರ ಕೊಟ್ಟಿತು.

ಒಂದು ಕಲ್ಪಿತ ಕುಟುಂಬದಲ್ಲಿ ಇದನ್ನು ನೋಡೋಣ. ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿ ಪಾಲಾಗದ ಹನ್ನೆರಡು ಎಕರೆ ಪಿತ್ರಾರ್ಜಿತ ಜಮೀನಿದೆ, ತಂದೆತಾಯಿ ಇಲ್ಲ. ಅಣ್ಣನ ಮೊದಲ ಹೆಂಡತಿಗೆ ಮಕ್ಕಳಿಲ್ಲ. ಆಕೆ ಇರುವಾಗಲೇ ಅವನು ಇನ್ನೊಬ್ಬಳನ್ನು ಮದುವೆಯಾಗಿ ಒಬ್ಬಳು ಮಗಳನ್ನು ಪಡೆದು, ಉಯಿಲು ಬರೆಯದೆ ಸತ್ತಿದ್ದಾನೆ. ತೀರ್ಪಿನ ಪ್ರಕಾರ, ಅವನು ಸಾಯುವ ಮುಂಚಿನ ಗಳಿಗೆಯಲ್ಲಿ ಜಮೀನು ಪಾಲಾಗಿತ್ತೆಂದು ಭಾವಿಸಬೇಕು. ಆಗ ತಮ್ಮನಿಗೆ ಆರು ಎಕರೆ, ಅಣ್ಣನಿಗೆ ಆರು ಎಕರೆ. ಅಣ್ಣನ ಆರು ಎಕರೆಯಲ್ಲಿ ಮೊದಲ ಹೆಂಡತಿಗೆ ಮೂರು, ಎರಡನೆಯವಳ ಮಗಳಿಗೆ ಮೂರು. ಎರಡನೆಯವಳಿಗೆ ಏನೂ ಇಲ್ಲ. ಮಗಳಿಗೆ ಕೂಡ ತಂದೆ ಬದುಕಿರುವಾಗ ಪಾಲು ಕೇಳುವ ಹಕ್ಕಿರಲಿಲ್ಲ, ಏಕೆಂದರೆ ಆಕೆ ಸಹದಾಯಾದಿಯಲ್ಲ, ಅಂದರೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಪಡೆದವಳಲ್ಲ. ಚಿಕ್ಕಪ್ಪನ ಆರು ಎಕರೆಯಲ್ಲಿಯೂ ಅವಳ ಪಾಲಿಲ್ಲ.

ಲೆಕ್ಕ ಇಷ್ಟು ಸರಳವಾದರೂ ಜಗಳ ಕಚೇರಿಯಲ್ಲಿ ಶುರುವಾಗುತ್ತದೆ. ಮಗಳ ಹೆಸರು ಬಿಟ್ಟ ವಂಶವೃಕ್ಷ ಮಾಡಿಸಿ ಪೌತಿ ಖಾತೆ ಬದಲಾಯಿಸಿಕೊಂಡಿರುತ್ತಾರೆ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹಕ್ಕು ಬದಲಾಗದಿದ್ದರೂ ಮಗಳು ಪಾಲಿನ ದಾವೆ ಹೂಡಲೇಬೇಕಾಗುತ್ತದೆ. ಜನನ ಪ್ರಮಾಣಪತ್ರವೂ ಶಾಲೆಯ ದಾಖಲೆಯೂ ತಂದೆ ಯಾರೆಂಬುದನ್ನು ಹೇಳಬಲ್ಲವು. ಆದರೆ 16ನೇ ಕಲಮಿನ ಆಸರೆ ಬೇಕೆಂದರೆ ಶೂನ್ಯವಾದರೂ ಸರಿ, ಮದುವೆಯೊಂದು ನಡೆದಿತ್ತೆಂದು ತೋರಿಸಬೇಕು. ಹಾಗಾಗಿ ಆ ತಾಯಿ ಸಾಕ್ಷಿಕಟ್ಟೆಯಲ್ಲಿ ನಿಂತು, ತನ್ನನ್ನು ಹೆಂಡತಿಯೆಂದು ಒಪ್ಪದ ಕಾನೂನಿನ ಮುಂದೆ, ಲಗ್ನಪತ್ರಿಕೆಯನ್ನೂ ಧಾರೆಯ ಫೋಟೊವನ್ನೂ ಹಾಜರುಪಡಿಸುತ್ತಾಳೆ.