ಪತ್ರ, ಡೈರಿ ಉಳಿಯದ ಹೆಂಗಸಿನ ಚರಿತ್ರೆ ಬರೆಯುವುದು ಹೇಗೆ?

ಪ್ರಶ್ನೆ: ಹಳೇ ಕಾಲದ ಒಬ್ಬ ಹೆಂಗಸು ತನ್ನ ಕೈಯಿಂದ ಬರೆದದ್ದು ಒಂದಕ್ಷರವೂ ಸಿಗದಿದ್ದರೆ, ಅವಳ ಜೀವನವನ್ನು ಬರೆಯುವುದು ಹೇಗೆ? ಎಲ್ಲ ಊಹೆಯೇ ಅಲ್ವಾ?

ಎಲ್ಲವೂ ಅಲ್ಲ. ಅವಳ ಕಾಗದ ಇರದಿದ್ದರೂ ಅವಳ ಸುತ್ತ ಇದ್ದವರ ಕಾಗದ ಇರುತ್ತದೆ. ಶೇಕ್ಸ್‌ಪಿಯರ್‌ನ ಹೆಂಡತಿ ಆ್ಯನ್ ಹ್ಯಾಥವೇ ವಿಷಯವನ್ನೇ ನೋಡಿ.

ಶೇಕ್ಸ್‌ಪಿಯರ್‌ನ ಊರು ಸ್ಟ್ರಾಟ್‌ಫರ್ಡ್ ಹತ್ತಿರದ ಶಾಟರಿಯಲ್ಲಿ ರಿಚರ್ಡ್ ಹ್ಯಾಥವೇ ಎಂಬ ರೈತ 1581ರಲ್ಲಿ ಉಯಿಲು ಬರೆಸಿದ. ಮಗಳ ಮದುವೆಯ ದಿನ 6 ಪೌಂಡ್ 13 ಶಿಲಿಂಗ್ 4 ಪೆನ್ಸ್ ಕೊಡಬೇಕು ಅಂತ ಅದರಲ್ಲಿದೆ. ಆದರೆ ಮಗಳ ಹೆಸರು ಆಗ್ನೆಸ್. 1582ರ ನವೆಂಬರ್ 28ರ ಮದುವೆ ಬಾಂಡಿನಲ್ಲಿ, ಅಂದರೆ ಮದುವೆಗೆ ಕಾನೂನಿನ ಅಡ್ಡಿ ಕಂಡುಬಂದರೆ ಹಣ ಕಟ್ಟುತ್ತೇವೆ ಎಂಬ ಮುಚ್ಚಳಿಕೆಯಲ್ಲಿ, ಶೇಕ್ಸ್‌ಪಿಯರ್ ಜೊತೆಗಿರುವ ಹೆಸರು ಆ್ಯನ್. ಇಬ್ಬರೂ ಒಬ್ಬಳೇನಾ? ಆಗ ಈ ಎರಡು ಹೆಸರನ್ನೂ ಒಂದರ ಬದಲು ಇನ್ನೊಂದನ್ನು ಬಳಸುತ್ತಿದ್ದರು, ಸರಿ. ಆದರೆ ಅಷ್ಟೇ ಸಾಲದು. ಬಾಂಡಿಗೆ 40 ಪೌಂಡ್ ಜಾಮೀನು ನಿಂತವರು ಸ್ಯಾಂಡೆಲ್ಸ್ ಮತ್ತು ರಿಚರ್ಡ್‌ಸನ್ ಎಂಬ ಇಬ್ಬರು ರೈತರು. ಅದೇ ಇಬ್ಬರು ರಿಚರ್ಡನ ಉಯಿಲಿನಲ್ಲೂ ಇದ್ದಾರೆ: ಒಬ್ಬ ಮೇಲ್ವಿಚಾರಕ, ಇನ್ನೊಬ್ಬ ಸಾಕ್ಷಿ. ಗಂಟು ಬಿಗಿಯಾಗುವುದು ಇಲ್ಲಿ. ಅಪ್ಪ ಸತ್ತ ಮೇಲೆ ಅವನ ಕಡೆಯವರು ಮದುವೆಗೆ ಮುಂದೆ ನಿಂತರು ಅನ್ನುವುದೂ ಇದರಿಂದಲೇ ಕಾಣುತ್ತದೆ. ಮದುವೆ ಅವಸರದಲ್ಲೇ ಆಯಿತು. ಅದಕ್ಕೆ ಕಾರಣ ಹುಡುಕಬೇಕಿಲ್ಲ, ಆರೇ ತಿಂಗಳಿಗೆ, 1583ರ ಮೇ 26ಕ್ಕೆ ಮಗಳು ಸುಸಾನಾಳ ದೀಕ್ಷಾಸ್ನಾನ ಆಗಿದೆ.

ಅನಿರೀಕ್ಷಿತ ಕಡೆಯೂ ಸಿಗುತ್ತಾಳೆ. ರಿಚರ್ಡನ ಕುರುಬನಾಗಿದ್ದ ಥಾಮಸ್ ವಿಟಿಂಗ್ಟನ್ 1601ರ ಉಯಿಲಿನಲ್ಲಿ, ತನಗೆ ಬರಬೇಕಾದ 40 ಶಿಲಿಂಗ್ ಆ್ಯನ್ ಹತ್ತಿರ ಇದೆ, ಅದು ಊರಿನ ಬಡವರಿಗೆ ಸೇರಲಿ ಅಂದಿದ್ದಾನೆ. ಕೈಸಾಲವೋ, ಸುಮ್ನೆ ನಂಬಿ ಇಡಲು ಕೊಟ್ಟದ್ದೋ, ಹೇಳಲಾಗದು. ಆದರೆ ಮದುವೆಯಾಗಿ ಸುಮಾರು ಇಪ್ಪತ್ತು ವರ್ಷವಾದರೂ ತವರಿನ ಆಳಿನ ಜೊತೆ ಅವಳಿಗೆ ದುಡ್ಡಿನ ವ್ಯವಹಾರ ಇತ್ತು ಎಂಬುದು ಗಟ್ಟಿ. ಒಂದೇ ಸಾಲು, ಆದರೆ ನನಗೆ ಇದು ಎಲ್ಲಕ್ಕಿಂತ ಜಾಸ್ತಿ ಬೆಲೆಯದು.

ಎಡವುವುದೂ ಇಂಥ ಒಂದೊಂದು ಸಾಲಿನ ಮೇಲೆಯೇ. ಬಾಂಡಿನ ಹಿಂದಿನ ದಿನ, ಬಿಷಪ್ಪರ ರಿಜಿಸ್ಟರಿನಲ್ಲಿ ವಧುವಿನ ಹೆಸರು 'ಆ್ಯನ್ ವೇಟ್ಲಿ' ಎಂದಿದೆ. ಇದೊಂದನ್ನೇ ಹಿಡಿದು, ಶೇಕ್ಸ್‌ಪಿಯರ್ ಕೈಬಿಟ್ಟ ಇನ್ನೊಬ್ಬ ಪ್ರೇಯಸಿಯ ಕಥೆಯನ್ನೇ ಕಟ್ಟಿದವರಿದ್ದಾರೆ. ಅದೇ ದಿನದ ಉಳಿದ ನಮೂದುಗಳನ್ನು ಓದಿದರೆ, ಗುಮಾಸ್ತ ವೇಟ್ಲಿ ಎಂಬ ಪಾದ್ರಿಯ ಮೊಕದ್ದಮೆಯನ್ನೂ ಬರೆದಿದ್ದಾನೆ. ಕೈ ತಪ್ಪಿರುವ ಸಾಧ್ಯತೆಯೇ ಹೆಚ್ಚು.

ಗಂಡನ 1616ರ ಉಯಿಲಿನಲ್ಲಿ ಅವಳಿಗೆ ಬಿಟ್ಟ 'ಎರಡನೇ ಒಳ್ಳೆ ಮಂಚ'ದ ಮಾತು ಎಲ್ಲರಿಗೂ ಗೊತ್ತು. ಆ ಸಾಲು ನಡುವೆ ಆಮೇಲೆ ಸೇರಿಸಿದ್ದು. ಆದರೆ ಆ ಕಾಲದ ಬೇರೆ ಉಯಿಲುಗಳಲ್ಲೂ ಮಂಚ, ಹಾಸಿಗೆ ಹಂಚುವುದು ಮಾಮೂಲಿ. ಅವಮಾನವೋ ಪ್ರೀತಿಯೋ ಅದರಿಂದ ತಿಳಿಯುವುದಿಲ್ಲ. ಎರಡರಲ್ಲಿ ಒಂದನ್ನು ಖಚಿತವಾಗಿ ಬರೆದವರು ಮಾತ್ರ, ನೀವು ಕೇಳಿದ ಹಾಗೆ, ಊಹೆ ಬರೆದಿದ್ದಾರೆ.