ಆ ಒಂದು ರೂಪಾಯಿ ಎಲ್ಲಿಂದ ಬಂತು?

ಪ್ರಿಂಟರ್ ಸರ್ವಿಸ್ ಮಾಡುವ ಒಂದು ಸಣ್ಣ ಸಂಸ್ಥೆಯ ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ಮೊನ್ನೆ ಅವರ ಗ್ರಾಹಕರೊಬ್ಬರು ಫೋನ್ ಮಾಡಿದರು. "ಸಾರ್, ಬಿಲ್ಲಲ್ಲಿ ಒಂದು ರೂಪಾಯಿ ಜಾಸ್ತಿ ಇದೆ. ದುಡ್ಡಿನ ವಿಷಯ ಅಲ್ಲ, ಇಲ್ಲೇ ತಪ್ಪಿದ್ರೆ ಬೇರೆ ಕಡೆ ಹೇಗೋ ಅಂತ." ಅವರ ಅನುಮಾನದಲ್ಲಿ ತಪ್ಪೇನಿಲ್ಲ.

ಬಿಲ್ಲಲ್ಲಿ ಎಂಟು ಪ್ರಿಂಟರ್, ಒಂದೊಂದಕ್ಕೂ 179.50 ರೂಪಾಯಿ. ಸೀರಿಯಲ್ ನಂಬರ್ ಬೇರೆ ಬೇರೆ ಇರುವುದರಿಂದ ಎಂಟು ಸಾಲು. ಒಟ್ಟು 1,436. ಅವರು ಮೊಬೈಲಲ್ಲಿ 18% ಜಿಎಸ್‌ಟಿ ಹಾಕಿ ನೋಡಿದ್ದಾರೆ: ತೆರಿಗೆ 258.48, ಮೊತ್ತ 1,694.48, ಅಂದರೆ 1,694. ನಮ್ಮ ಬಿಲ್ಲಲ್ಲಿ 1,695.

ನಮ್ಮ ಸಾಫ್ಟ್‌ವೇರ್ ಪ್ರತಿ ಸಾಲಿಗೂ ಬೇರೆಯಾಗಿ ತೆರಿಗೆ ಲೆಕ್ಕ ಹಾಕುತ್ತದೆ, ಅದೂ ಸಿಜಿಎಸ್‌ಟಿ 9%, ಎಸ್‌ಜಿಎಸ್‌ಟಿ 9% ಅಂತ ಎರಡು ಸಲ. 179.50ಕ್ಕೆ 9% ಅಂದರೆ 16.155. ಅರ್ಧ ಪೈಸೆ ಬರೆಯುವ ಹಾಗಿಲ್ಲ ಅಲ್ವಾ, ಅದು 16.16 ಆಯಿತು. ಎಂಟು ಸಾಲು ಸೇರಿ 129.28, ಎರಡೂ ತೆರಿಗೆ ಕೂಡಿದರೆ 258.56. ಮೊತ್ತ 1,694.56. ಐವತ್ತು ಪೈಸೆ ದಾಟಿತು, ಹಾಗಾಗಿ 1,695. ನಿಜವಾದ ವ್ಯತ್ಯಾಸ ಬರೀ ಎಂಟು ಪೈಸೆ, ಕೊನೆಯ ರೌಂಡ್ ಆಫ್ ಅದನ್ನು ಒಂದು ರೂಪಾಯಿ ಮಾಡಿ ತೋರಿಸಿತು.

ಇದು ರೌಂಡಿಂಗೋ ತಪ್ಪೋ ಅಂತ ತಿಳಿಯಲು ನಾನು ರೂಪಾಯಿಗೆ ಸರಿಮಾಡುವ ಮುಂಚಿನ ಮೊತ್ತಗಳನ್ನೇ ಹೋಲಿಸುತ್ತೇನೆ. ಒಂದು ಸಾಲು, ಒಂದು ತೆರಿಗೆಗೆ ಅರ್ಧ ಪೈಸೆಗಿಂತ ಜಾಸ್ತಿ ಸರಿಯುವುದಿಲ್ಲ. ಎಂಟು ಸಾಲು, ಎರಡು ತೆರಿಗೆ ಅಂದರೆ ಹೆಚ್ಚೆಂದರೆ ಎಂಟು ಪೈಸೆ. ಸಾಮಾನ್ಯವಾಗಿ ಕೆಲವು ಸಾಲು ಮೇಲಕ್ಕೆ, ಕೆಲವು ಕೆಳಕ್ಕೆ ಹೋಗಿ ಇಷ್ಟೂ ಬರುವುದಿಲ್ಲ. ಇಲ್ಲಿ ಎಲ್ಲ ಸಾಲೂ ಒಂದೇ ದರ, ಎಲ್ಲವೂ ಮೇಲಕ್ಕೇ ಹೋದವು. ಇದೇ ಬಿಲ್ಲಲ್ಲಿ ನಲವತ್ತು ಪೈಸೆ ವ್ಯತ್ಯಾಸ ಬಂದಿದ್ದರೆ ನಾನು ರೌಂಡಿಂಗ್ ಅಂತ ಸಮಜಾಯಿಷಿ ಕೊಡುತ್ತಿರಲಿಲ್ಲ, ದರವನ್ನೋ ಡಿಸ್ಕೌಂಟನ್ನೋ ಹುಡುಕುತ್ತಿದ್ದೆ.

ಅವರಿಗೆ ಇಷ್ಟೆಲ್ಲ ಫೋನಲ್ಲಿ ಹೇಳಲಿಲ್ಲ. ಸಾಲುವಾರು ತೆರಿಗೆ ಇರುವ ಒಂದು ಶೀಟ್ ಕಳಿಸಿ, ನಿಮ್ಮ ಎಕ್ಸೆಲಲ್ಲಿ ಪ್ರತಿ ಸಾಲಿಗೂ ಇದನ್ನು ಹಾಕಿ ನೋಡಿ ಅಂದೆ:

```
=ROUND(A2*9%,2)
```

ಸುಮ್ನೆ ಎರಡು ದಶಾಂಶ ಕಾಣುವ ಹಾಗೆ ಸೆಟ್ ಮಾಡಿದರೆ ಸಾಲದು, ಒಳಗೆ 16.155 ಹಾಗೇ ಇರುತ್ತದೆ. ಹತ್ತು ನಿಮಿಷದಲ್ಲಿ "ಸರಿ ಹೋಯ್ತು" ಅಂತ ಮೆಸೇಜ್ ಬಂತು.

ಒಂದು ರೂಪಾಯಿ ತಾನೇ, ಬಿಟ್ಟುಬಿಡೋಣ ಅಂತ ಸಂಸ್ಥೆಯವರು ಅಂದಿದ್ದರು. ನಾನು ಬೇಡ ಅಂದೆ. ಬಿಟ್ಟರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ. ಗ್ರಾಹಕರ ಜಿಎಸ್‌ಟಿಆರ್-2ಬಿಯಲ್ಲಿ, ಅಂದರೆ ಅವರ ಖರೀದಿಗಳ ತೆರಿಗೆ ತೋರಿಸುವ ಪಟ್ಟಿಯಲ್ಲಿ ಬರುವುದೂ ನಾವು ಸಲ್ಲಿಸಿದ 129.28 ತಾನೇ, ಅವರು 129.24 ಅಂತ ಬರೆದುಕೊಂಡರೆ ಅಲ್ಲಿ ತಾಳೆಯಾಗುವುದಿಲ್ಲ.

ನಮ್ಮ ಕಡೆಯೂ ಒಂದು ತಪ್ಪಿತ್ತು. ಬಿಲ್ಲಿನ ಪ್ರಿಂಟಲ್ಲಿ ರೌಂಡ್ ಆಫ್ ಸಾಲು ಕಾಣುತ್ತಿರಲಿಲ್ಲ. ಈಗ ಮೊತ್ತದ ಮೇಲೆ +0.44 ಅಂತ ಬರುತ್ತದೆ, ಕೆಳಗೆ "ತೆರಿಗೆಯನ್ನು ಸಾಲುವಾರು ಲೆಕ್ಕ ಹಾಕಲಾಗಿದೆ" ಅಂತಲೂ ಇದೆ.